ಮನೆ ಮುಂದೆ ರಾತ್ರೋರಾತ್ರಿ ನಿಂತ ಬರ್ಚ್ ಮರ: ಇದು ಹೆಣ್ಣು ಕೇಳಿದ ಹಾಗಾ?

ಪ್ರಶ್ನೆ: ನಾವು ಮೈಸೂರಿನವರು. ಮ್ಯೂನಿಕ್‌ನಲ್ಲಿ ಕೆಲವು ವರ್ಷ ಇದ್ದು, ಹೋದ ಬೇಸಿಗೆಯಲ್ಲಿ ಬಾನ್ ಹತ್ತಿರದ ಒಂದು ಹಳ್ಳಿಗೆ ಬಾಡಿಗೆ ಮನೆಗೆ ಬಂದೆವು. ಮೇ 1ರ ಬೆಳಿಗ್ಗೆ ಬಾಗಿಲು ತೆಗೆದರೆ, ಎರಡಾಳು ಎತ್ತರದ ಬರ್ಚ್ ಮರವನ್ನು ನಮ್ಮ ಮನೆಯ ಮಳೆನೀರಿನ ಪೈಪಿಗೆ ತಂತಿಯಲ್ಲಿ ಕಟ್ಟಿದ್ದಾರೆ. ತುಂಬ ಕೆಂಪು, ಬಿಳಿ ಕಾಗದದ ಪಟ್ಟಿಗಳು. ನಡುವೆ ಮರದ ಹಲಗೆಯ ಹೃದಯ, ಅದರ ಮೇಲೆ ನಮ್ಮ 19 ವರ್ಷದ ಮಗಳ ಹೆಸರು. ಕಳಿಸಿದವರ ಹೆಸರಿಲ್ಲ. ಮಗಳು ನಗುತ್ತಾಳೆ, ಯಾರೆಂದು ಹೇಳುವುದಿಲ್ಲ. ನಮ್ಮವರು ಗರಗಸ ತಂದರು. ಪಕ್ಕದ ಮನೆ ಅಜ್ಜಿ ಓಡಿ ಬಂದು, "ಮುಟ್ಟಬೇಡಿ, ತಿಂಗಳು ಪೂರ್ತಿ ಇರಬೇಕು, ಕೊನೆಗೆ ಹುಡುಗ ಬಂದಾಗ ಅಪ್ಪ ಒಂದು ಕ್ರೇಟ್ ಬಿಯರ್ ಕೊಡಬೇಕು" ಎಂದರು. ಇದು ಹೆಣ್ಣು ಕೇಳಿದ ಹಾಗಾ? ಮರ ಬಿಟ್ಟರೆ ಒಪ್ಪಿದ ಹಾಗಾ? ಬೀದಿಯವರು ಏನಂದುಕೊಳ್ಳುತ್ತಾರೆ? ನಾವು ಮನೆಯಲ್ಲಿ ಬಿಯರ್ ಮುಟ್ಟುವುದಿಲ್ಲ. ಮೇಲಾಗಿ 20ನೇ ತಾರೀಕಿಗೆ ಅತ್ತೆ ಬರುತ್ತಿದ್ದಾರೆ.

ಉತ್ತರ: ಮೊದಲು ನಿಮ್ಮವರಿಗೆ ಗರಗಸ ಒಳಗಿಡಲು ಹೇಳಿ. ಇದು ಹೆಣ್ಣು ಕೇಳಿದ್ದಲ್ಲ. ಮರ ನಿಲ್ಲಲು ಬಿಟ್ಟರೆ ನೀವು ಯಾರಿಗೂ ಮಾತು ಕೊಟ್ಟ ಹಾಗೆ ಆಗುವುದಿಲ್ಲ, ನಿಮ್ಮ ಬೀದಿಯವರೂ ಹಾಗೆ ತಿಳಿಯುವುದಿಲ್ಲ.

ನಾನು ಜನಪದ ಆಚರಣೆಗಳ ಅಭ್ಯಾಸ ಮಾಡಿದವಳು. ರೈನ್ ನದಿಯ ಈ ಭಾಗದಲ್ಲೇ ಬಹಳ ಕಾಲದಿಂದ ಕೆಲಸ. ಮೇ ತಿಂಗಳು ಬಂತೆಂದರೆ ಇಂಥ ಪ್ರಶ್ನೆಗಳೂ ಬರುತ್ತವೆ. ಕೇಳುವವರು ಭಾರತದವರು, ತುರ್ಕಿಯವರು ಮಾತ್ರ ಅಲ್ಲ. ಹ್ಯಾಂಬರ್ಗ್‌ನಿಂದ ಇಲ್ಲಿಗೆ ಬಂದ ಜರ್ಮನರೂ ಹೀಗೇ ಗಾಬರಿಯಾಗಿ ಫೋನ್ ಮಾಡುತ್ತಾರೆ. ಯಾಕೆಂದರೆ ಹುಡುಗಿಯ ಮನೆ ಮುಂದೆ ಮರ ನಿಲ್ಲಿಸುವ ಈ ರೂಢಿ ಜರ್ಮನಿಯ ಎಲ್ಲ ಕಡೆ ಇಲ್ಲ. ಇದು ಬಲವಾಗಿರುವುದು ಕಲೋನ್, ಬಾನ್, ಆಖೆನ್ ಸುತ್ತಿನ ರೈನ್‌ಲ್ಯಾಂಡ್‌ನಲ್ಲಿ. ನೀವು ಮ್ಯೂನಿಕ್‌ನಲ್ಲಿ ನೋಡಿರಬಹುದಾದ ಮೈಬೌಮ್ ಬೇರೆ. ಅದು ಊರಿನ ನಡುವೆ ನಿಲ್ಲಿಸುವ ದೊಡ್ಡ ಕಂಬ, ಇಡೀ ಊರಿಗೆ ಸೇರಿದ್ದು. ಇಲ್ಲಿಯೂ ಊರ ನಡುವೆ ಅಂಥದ್ದೊಂದು ಇರುತ್ತದೆ. ಆದರೆ ಅದೇ ಹೆಸರಿನಲ್ಲಿ ಚಿಕ್ಕ ಬರ್ಚ್ ಮರಗಳು ಮನೆಮನೆ ಮುಂದೆಯೂ ನಿಲ್ಲುತ್ತವೆ. ಅವು ಒಬ್ಬೊಬ್ಬರಿಗಾಗಿ.

ಹಾಗಾದರೆ ಮರ ಹೇಳುವುದೇನು? ಇಷ್ಟೇ: "ನನಗೆ ನೀನು ಇಷ್ಟ, ಇದನ್ನು ನಾಲ್ಕು ಜನ ನೋಡಿದರೂ ನನಗೆ ಪರವಾಗಿಲ್ಲ." ಬಹಳ ಸಲ ಹುಡುಗ ಹುಡುಗಿ ಆಗಲೇ ಜೊತೆಯಾಗಿ ಓಡಾಡುತ್ತಿರುತ್ತಾರೆ, ಮರ ಅದರ ಮೇಲೊಂದು ಅಲಂಕಾರ. ಕೆಲವು ಸಲ ಹುಡುಗ ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ಮರವೇ ಮೊದಲ ಮಾತು. ಇನ್ನು ಕೆಲವು ಮರಗಳಿಗೆ ಪ್ರೇಮದ ಸುದ್ದಿಯೇ ಇಲ್ಲ. ಗಂಡಂದಿರು ಹೆಂಡತಿಯರಿಗೆ ಪ್ರತಿ ವರ್ಷ ನಿಲ್ಲಿಸುತ್ತಾರೆ. ಅಪ್ಪಂದಿರು ನಾಲ್ಕೈದು ವರ್ಷದ ಮಕ್ಕಳಿಗೆ ನಿಲ್ಲಿಸುತ್ತಾರೆ. ಆದ್ದರಿಂದ ಬೀದಿಯಲ್ಲಿ ಮರ ಕಂಡ ಮಾತ್ರಕ್ಕೆ ಯಾರೂ ಮದುವೆ ಊಟದ ಲೆಕ್ಕ ಹಾಕುವುದಿಲ್ಲ. ನಿಮ್ಮ ಮಗಳು ನಗುತ್ತಿದ್ದಾಳೆ ಎಂದು ಬರೆದಿದ್ದೀರಿ. ಅವಳಿಗೆ ಯಾರೆಂದು ಗೊತ್ತಿರಬಹುದು, ಇಲ್ಲವೇ ಊಹೆ ಇರಬಹುದು. ಹೃದಯದ ಮೇಲೆ ಹುಡುಗಿಯ ಹೆಸರು ಮಾತ್ರ ಬರೆಯುವುದು ರೂಢಿ. ಕಳಿಸಿದವರು ಯಾರೆಂದು ಪತ್ತೆ ಮಾಡುವುದು ಅವಳ ಆಟ.

ನಿಮ್ಮ ಗಾಬರಿ ಹುಟ್ಟಿದ್ದು ಎಲ್ಲಿಂದ ಎಂದು ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಹುಡುಗನ ಕಡೆಯಿಂದ ಮನೆ ಬಾಗಿಲಿಗೆ ಏನಾದರೂ ಬಂದರೆ ಅದು ಮನೆಯವರಿಗೆ ಬಂದದ್ದು. ಹೂವು, ಹಣ್ಣು, ಕುಂಕುಮ ಬಂತೆಂದರೆ ಹಿರಿಯರ ನಡುವೆ ಮಾತು ಆಗಿದೆ ಎಂದೇ ಲೆಕ್ಕ. ಬೇರೆ ದೇಶಗಳ ರೂಢಿಗಳನ್ನು ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇದು ಹುಡುಗಿಗೆ ಬಂದದ್ದಾ, ಮನೆಯವರಿಗೆ ಬಂದದ್ದಾ? ಫಿಲಿಪೈನ್ಸ್‌ನಲ್ಲಿ ಎರಡೂ ಇವೆ, ಬೇರೆ ಬೇರೆ ಹೆಸರಿನಲ್ಲಿ. ಹಿಂದಿನ ಕಾಲದಲ್ಲಿ ಹುಡುಗ ಗೆಳೆಯರನ್ನು ಕಟ್ಟಿಕೊಂಡು, ಗಿಟಾರ್ ಹಿಡಿದು, ರಾತ್ರಿ ಹುಡುಗಿಯ ಕಿಟಕಿ ಕೆಳಗೆ ನಿಂತು ಹಾಡುತ್ತಿದ್ದ. ಅದು ಹರಾನಾ. ಅದು ಅವಳಿಗೆ. ಕಿಟಕಿ ತೆರೆದರೂ ಮದುವೆ ಗೊತ್ತಾಯಿತು ಎಂದಲ್ಲ. ಮದುವೆ ಮಾತು ಬಂದಾಗ ಹುಡುಗ ತನ್ನ ತಂದೆ ತಾಯಿಯನ್ನು ಕರೆದುಕೊಂಡು, ತಿಂಡಿ ಊಟ ಹೊತ್ತುಕೊಂಡು ಹುಡುಗಿಯ ಮನೆಗೆ ಬರುತ್ತಾನೆ. ಅದು ಪಮಮನ್ಹಿಕನ್. ಇದು ಇವತ್ತಿಗೂ ನಡೆಯುತ್ತದೆ, ತಾರೀಕು, ಖರ್ಚು ಎಲ್ಲ ಅಲ್ಲೇ ಮಾತಾಗುತ್ತದೆ. ಕೊರಿಯಾದಲ್ಲಿ ಎರಡು ಮನೆಯವರು ಒಂದು ಒಳ್ಳೆಯ ಹೋಟೆಲಿನಲ್ಲಿ ಎದುರುಬದುರು ಕೂತು ಊಟ ಮಾಡುವ ಸಾಂಗ್ಯೊನ್ನ್ಯೆ ಇದೆ. ಅಲ್ಲಿಗೆ ಬಂದರು ಎಂದರೆ ಮಕ್ಕಳು ಮದುವೆಗೆ ಮನಸ್ಸು ಮಾಡಿದ್ದಾರೆ ಎಂದೇ ಅರ್ಥ.

ನಿಮ್ಮ ಬರ್ಚ್ ಮರ ಹರಾನಾ ಜಾತಿಯದು. ಅವಳಿಗೆ ಬಂದದ್ದು. ಜರ್ಮನಿಯಲ್ಲಿ ಮನೆಯವರು ಮನೆಯವರನ್ನು ಕೇಳುವ ಕಟ್ಟುಕಟ್ಟಳೆ ಇವತ್ತು ಬಹುಮಟ್ಟಿಗೆ ಇಲ್ಲ. ನಿಶ್ಚಿತಾರ್ಥ ಕೂಡ ಇಬ್ಬರ ನಡುವಿನ ಮಾತು. ಇಲ್ಲಿನ ಸಿವಿಲ್ ಕಾನೂನಿನ 1297ನೇ ಕಲಂ ಪ್ರಕಾರ, ನಿಶ್ಚಿತಾರ್ಥ ಆದಮೇಲೂ "ಮದುವೆ ಆಗಲೇಬೇಕು" ಎಂದು ಕೋರ್ಟಿಗೆ ಹೋಗುವಂತಿಲ್ಲ. ಅಂದಮೇಲೆ ಒಂದು ಮರ ಯಾರನ್ನು ಕಟ್ಟಿಹಾಕೀತು?

ಹಾಗಂತ ನಿಮ್ಮ "ಬೀದಿಯವರು ಏನಂದುಕೊಳ್ಳುತ್ತಾರೆ" ಎನ್ನುವ ಮಾತು ಪೂರ್ತಿ ಸುಳ್ಳೂ ಅಲ್ಲ. ಇದರ ಹಿಂದೆ ಸ್ವಲ್ಪ ಇತಿಹಾಸ ಇದೆ.

ಇಲ್ಲಿಯ ಹಳ್ಳಿಗಳಲ್ಲಿ ಮದುವೆಯಾಗದ ಹುಡುಗರ ಸಂಘಗಳಿದ್ದವು, ಈಗಲೂ ಇವೆ. ಊರಿನಲ್ಲಿ ಯಾವ ಹುಡುಗ ಯಾವ ಹುಡುಗಿಯ ಜೊತೆ ಓಡಾಡಬಹುದು ಎನ್ನುವುದರ ಮೇಲೆ ಈ ಸಂಘಗಳ ಕಣ್ಣು ಇರುತ್ತಿತ್ತು. ಮೇ ಬರುವ ಮೊದಲು ಅವರು ಸೇರಿ ಹರಾಜು ನಡೆಸುತ್ತಿದ್ದರು. ಇದಕ್ಕೆ ಮೈಲೇಹೆನ್ ಎನ್ನುತ್ತಾರೆ. ಊರಿನ ಮದುವೆಯಾಗದ ಹುಡುಗಿಯರ ಹೆಸರು ಒಂದೊಂದಾಗಿ ಕೂಗುವುದು, ಹುಡುಗರು ಹಣ ಏರಿಸುವುದು. ಯಾರು ಹೆಚ್ಚು ಕೂಗಿದರೋ ಅವರು ಆ ಮೇ ತಿಂಗಳಿಗೆ ಆ ಹುಡುಗಿಯ ಜೊತೆಗಾರ. ಹಬ್ಬದ ಕುಣಿತಕ್ಕೆ ಅವಳನ್ನು ಕರೆದುಕೊಂಡು ಹೋಗುವುದು, ಅವಳ ಮನೆ ಮುಂದೆ ಮರ ನಿಲ್ಲಿಸುವುದು ಅವನ ಕೆಲಸ. ಎಲ್ಲಕ್ಕಿಂತ ಹೆಚ್ಚು ಹಣ ಕೂಗಿದವನು ಮೇ ರಾಜ, ಅವನ ಜೊತೆಗಾತಿ ಮೇ ರಾಣಿ. ಹಣ ಸಂಘದ ಡಬ್ಬಿಗೆ, ಅಲ್ಲಿಂದ ಹಬ್ಬದ ಖರ್ಚಿಗೆ. ತಿಂಗಳು ಮುಗಿದರೆ ಜೋಡಿಯೂ ಮುಗಿಯಿತು.

ಕೇಳಿದರೆ ನಿಮಗೆ ಸಿಟ್ಟು ಬರಬಹುದು. ನನಗೂ ಅದು ಚಂದ ಎನಿಸುವುದಿಲ್ಲ. ಹುಡುಗಿಯರ ಹೆಸರನ್ನು ಅವರೇ ಇಲ್ಲದ ಕೋಣೆಯಲ್ಲಿ ಕೂಗುವುದು ಸರಿಯೇ ಎಂಬ ಜಗಳ ಇಲ್ಲಿಯೂ ನಡೆದಿದೆ. ಕೆಲವು ಊರುಗಳು ಬಿಟ್ಟಿವೆ. ಕೆಲವು ಕಡೆ ಈಗ ಮೊದಲೇ ಒಪ್ಪಿಕೊಂಡವರ ನಡುವೆ ತಮಾಷೆಯಾಗಿ ನಡೆಯುತ್ತದೆ. ಆದರೆ ಒಂದು ವಿಷಯ ಗಮನಿಸಿ. ಆ ಹಳೆಯ ಏರ್ಪಾಡಿನಲ್ಲೂ ಮರಕ್ಕೂ ಮದುವೆಗೂ ನೇರ ಸಂಬಂಧ ಇರಲಿಲ್ಲ. ಮರ ಎಂದರೆ "ಈ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಹುಡುಗಿ ಇದ್ದಾಳೆ, ಅವಳಿಗೆ ಈ ತಿಂಗಳು ಕುಣಿಯಲು ಜೊತೆ ಇದೆ" ಎಂದು ಊರಿಗೆ ಸಾರುವುದು. ಮರ ಬಾರದ ಮನೆಯ ಹುಡುಗಿಗೆ ಬೇಸರವಾಗುತ್ತಿತ್ತು. ನಿಮ್ಮ ಪಕ್ಕದ ಮನೆ ಅಜ್ಜಿ ಓಡಿ ಬಂದದ್ದು ಅದಕ್ಕೇ ಇರಬೇಕು. ಅವರ ಕಾಲದವರಿಗೆ ಮರ ಕಡಿಯುವುದು ಹುಡುಗಿಗೆ ಮಾಡಿದ ಅವಮಾನ, ಹುಡುಗನಿಗೆ ಅಲ್ಲ.

ಈಗ ಬಹಳ ಕಡೆ ಹರಾಜು ಹೋಗಿ, ಪ್ರತಿ ಹುಡುಗ ತನಗೆ ಬೇಕಾದವಳ ಮನೆ ಮುಂದೆ ತಾನೇ ನಿಲ್ಲಿಸುತ್ತಾನೆ. ಬೀದಿಗೆ ಕಾಣಬೇಕು ಎನ್ನುವುದು ಮಾತ್ರ ಉಳಿದಿದೆ. ಹಾಗಾಗಿ ಬೀದಿಯವರು ನೋಡುತ್ತಾರೆ, "ಯಾರಿರಬಹುದು" ಎಂದು ಮಾತಾಡುತ್ತಾರೆ, ಬೇಕರಿಯಲ್ಲಿ ನಿಮ್ಮನ್ನು ನೋಡಿ ನಗುತ್ತಾರೆ. ಅಲ್ಲಿಗೆ ಮುಗಿಯಿತು. ಹೊರಗಿನಿಂದ ಬಂದ ಕುಟುಂಬದ ಮನೆ ಮುಂದೆ ಮರ ನಿಂತರೆ, ಆ ಮಗಳು ಇಲ್ಲಿಯ ಹುಡುಗ ಹುಡುಗಿಯರ ಗುಂಪಿನಲ್ಲಿ ಬೆರೆತಿದ್ದಾಳೆ ಎಂದೂ ಜನ ಓದಿಕೊಳ್ಳುತ್ತಾರೆ.

ಆ ರಾತ್ರಿ ಏನೇನು ನಡೆದಿರುತ್ತದೆ ಎಂದು ಹೇಳಿದರೆ ನಿಮ್ಮವರ ಸಿಟ್ಟು ಸ್ವಲ್ಪ ಇಳಿಯಬಹುದು.

ಹುಡುಗ ಏಪ್ರಿಲ್‌ನಲ್ಲೇ ಮರದ ಏರ್ಪಾಡು ಮಾಡಿಕೊಂಡಿರುತ್ತಾನೆ. ಬರ್ಚೇ ಯಾಕೆಂದರೆ ವಸಂತದಲ್ಲಿ ಬೇಗ ಚಿಗುರುವ ಮರ ಅದು, ಮೇ 1ಕ್ಕೆ ಹೊಸ ಎಲೆ ಬಂದಿರುತ್ತದೆ. ಕಾಡಿನಿಂದ ಸುಮ್ನೆ ಕಡಿದು ತರುವ ಹಾಗಿಲ್ಲ, ಅದು ಕಳ್ಳತನ. ಅರಣ್ಯ ಇಲಾಖೆಯವರು, ರೈತರು, ಸಂಘದವರು ಗೊತ್ತಾದ ಜಾಗದಲ್ಲಿ ಮಾರುತ್ತಾರೆ, ಅಲ್ಲಿ ಕೊಳ್ಳಬೇಕು. ಆಮೇಲೆ ಕ್ರೇಪ್ ಕಾಗದದ ಸುರುಳಿಗಳನ್ನು ಉದ್ದುದ್ದ ಪಟ್ಟಿ ಮಾಡಿ ಕೊಂಬೆಗಳಿಗೆ ಕಟ್ಟುತ್ತಾನೆ. ಪ್ಲೈವುಡ್‌ನಲ್ಲಿ ಹೃದಯ ಕೊಯ್ದು, ಬಣ್ಣ ಹಚ್ಚಿ, ಹೆಸರು ಬರೆಯುತ್ತಾನೆ. ಇದೆಲ್ಲ ಒಬ್ಬನ ಕೆಲಸವಲ್ಲ. ಹಸಿ ಬರ್ಚ್ ತೂಕ ಜಾಸ್ತಿ. ಏಪ್ರಿಲ್ 30ರ ರಾತ್ರಿ ಮೂರು ನಾಲ್ಕು ಗೆಳೆಯರು, ಒಂದು ಟ್ರೇಲರ್, ಒಂದು ಏಣಿ. ಕುಡಿಯದ ಒಬ್ಬ ಗೆಳೆಯ ಗಾಡಿ ಓಡಿಸಬೇಕು. ಮರ ಗಾಡಿಯ ಹಿಂದಿನ ರಿಫ್ಲೆಕ್ಟರ್ ದಾಟಿ ಒಂದು ಮೀಟರಿಗಿಂತ ಹೆಚ್ಚು ಚಾಚಿದರೆ ಕೆಂಪು ಬಟ್ಟೆ ಕಟ್ಟಬೇಕು, ಕತ್ತಲಾದರೆ ಕೆಂಪು ದೀಪ ಬೇಕು. ಇದು ಇಲ್ಲಿಯ ಸಂಚಾರ ನಿಯಮ, ಆ ರಾತ್ರಿ ಪೊಲೀಸರು ನಿಂತು ನೋಡುತ್ತಾರೆ.

ಮರ ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಬೆಳಗಾಗುವವರೆಗೆ ಕಾಯಬೇಕು. ಬೇರೆ ಹುಡುಗರು ಬಂದು ಮರ ಕದ್ದೊಯ್ಯುವುದು, ಹೃದಯ ಕಿತ್ತೊಯ್ಯುವುದು ಈ ಆಟದ ಒಂದು ಭಾಗ. ಬಿಡಿಸಿಕೊಳ್ಳಲು ಬಿಯರ್ ಕೊಡಬೇಕಾಗುತ್ತದೆ. ನಿಮ್ಮ ಮನೆ ಮುಂದೆ ಬೆಳಿಗ್ಗೆ ಮರ ಹೃದಯದ ಸಮೇತ ನಿಂತಿತ್ತು ಎಂದರೆ ಆ ಹುಡುಗ ಚಳಿಯಲ್ಲಿ ಎಲ್ಲೋ ಒಂದು ಕಾರಿನಲ್ಲಿ ಕೂತು ರಾತ್ರಿಯೆಲ್ಲ ನಿಮ್ಮ ಪೈಪ್ ಕಾದಿದ್ದಾನೆ ಎಂದೇ ಹೇಳಬಹುದು.

ಇನ್ನು ನಿಮಗೆ ಯಾರಾದರೂ ಹೇಳಬಹುದಾದ ಕೆಲವು ಮಾತುಗಳು. ಕೆಂಪು ಪ್ರೀತಿ, ನೀಲಿ ನಿಷ್ಠೆ, ಬಿಳಿ ಶುದ್ಧ ಮನಸ್ಸು ಎಂದು ಬಣ್ಣಗಳ ಪಟ್ಟಿ ಓಡಾಡುತ್ತದೆ. ಅದನ್ನು ನಂಬಿ ಕಾಗದ ಎಣಿಸಬೇಡಿ. ಊರಿಂದ ಊರಿಗೆ ಅರ್ಥ ಬದಲಾಗುತ್ತದೆ. ಕೆಂಪು ಬಿಳಿ ಎಂದರೆ ಕಲೋನ್ ನಗರದ ಬಣ್ಣವೂ ಹೌದು, ಅಲ್ಲಿಯ ಫುಟ್ಬಾಲ್ ತಂಡದ ಬಣ್ಣವೂ ಹೌದು. ಇದು ಸಾವಿರಾರು ವರ್ಷ ಹಳೆಯ ಜರ್ಮನರ ಫಲವಂತಿಕೆಯ ಪೂಜೆ ಎಂಬುದು ಇನ್ನೊಂದು ಕಥೆ. ಅದನ್ನು ಹರಡಿದವರು 19ನೇ ಶತಮಾನದ ವಿದ್ವಾಂಸರು, ವಿಲ್ಹೆಲ್ಮ್ ಮಾನ್‌ಹಾರ್ಟ್ ಅವರಲ್ಲಿ ಮುಖ್ಯ. ಮೇ ಮರ ನಿಲ್ಲಿಸುವ ಸುದ್ದಿ ಆಖೆನ್ ಕಡೆ 13ನೇ ಶತಮಾನದಿಂದಲೇ ಸಿಗುತ್ತದೆ ನಿಜ. ಆದರೆ ಅಲ್ಲಿಂದ ಹಿಂದಕ್ಕೆ, ಯಾವುದೋ ದೇವತೆಯವರೆಗೆ ಎಳೆಯಲು ದಾಖಲೆ ಇಲ್ಲ. ಅತ್ತೆ ಬಂದಾಗ ಯಾರಾದರೂ ಫಲವಂತಿಕೆಯ ವಿಷಯ ಎತ್ತಿದರೆ ಈ ಮಾತು ನಿಮಗೆ ಉಪಯೋಗಕ್ಕೆ ಬರಬಹುದು!

ಅಧಿಕ ವರ್ಷದ ಮಾತು ಮಾತ್ರ ನಿಜ. ಫೆಬ್ರವರಿಗೆ 29 ದಿನ ಇರುವ ವರ್ಷ ಇಲ್ಲಿ ಸರದಿ ತಿರುಗುತ್ತದೆ, ಹುಡುಗಿಯರು ಹುಡುಗರಿಗೆ ಮರ ನಿಲ್ಲಿಸುತ್ತಾರೆ. 2024ರಲ್ಲಿ ಹಾಗಾಯಿತು, ಮುಂದೆ 2028ರಲ್ಲಿ. ಈಗ ಆ ನಿಯಮವೂ ಸಡಿಲ. ಹುಡುಗಿಯರು ಬೇರೆ ವರ್ಷವೂ ನಿಲ್ಲಿಸುತ್ತಾರೆ, ಹುಡುಗ ಹುಡುಗನಿಗೆ, ಹುಡುಗಿ ಹುಡುಗಿಗೆ ನಿಲ್ಲಿಸುವುದೂ ಇದೆ. ಕಳಿಸಿದವರು ಹುಡುಗನೇ ಎಂದು ಖಚಿತವಾಗಿ ಹೇಳಲಾಗದು ಎನ್ನುವುದು ನಿಮ್ಮ ಗಮನದಲ್ಲಿರಲಿ. ನಾನು ಮುಂದೆ "ಹುಡುಗ" ಎಂದೇ ಬರೆಯುತ್ತೇನೆ.

ಈಗ ಏನು ಮಾಡಬಹುದು ಎನ್ನುವುದಕ್ಕೆ ಬರೋಣ.

ಮೊದಲ ಮಾತು ಮಗಳದು. ಅವಳನ್ನು ಒಬ್ಬಳೇ ಇದ್ದಾಗ ಕೇಳಿ. "ಯಾರು" ಎಂದು ಅಲ್ಲ, "ನಿನಗೆ ಇದು ಇಷ್ಟವಾಯಿತಾ" ಎಂದು. ಇಷ್ಟವಾಗಿದ್ದರೆ ಮರ ಇರಲಿ. ಅವಳ ನಗುವಿನ ಹಿಂದೆ ಮುಜುಗರ ಇದ್ದರೆ, ಅಥವಾ ಬೇಡ ಎಂದಮೇಲೂ ಬೆನ್ನು ಬಿದ್ದಿರುವ ಯಾರೋ ನಿಲ್ಲಿಸಿದ್ದರೆ, ಆಗ ರೂಢಿಯ ಮಾತನ್ನು ಪಕ್ಕಕ್ಕಿಡಿ. ಅವತ್ತೇ ತೆಗೆಸಿ, ಯಾರ ಒಪ್ಪಿಗೆಯೂ ಬೇಕಿಲ್ಲ. ತೆಗೆಯುವ ಮುಂಚೆ ಫೋಟೋ ತೆಗೆದಿಡಿ. ಕಾಟ ಮುಂದುವರಿದರೆ ಪೊಲೀಸರಿಗೆ ತೋರಿಸಲು ಬೇಕಾಗುತ್ತದೆ. ಇಂಥದ್ದು ಅಪರೂಪ, ಆದರೆ ನಾನು ಕಂಡಿದ್ದೇನೆ. ಆ ಮನೆಯವರು "ರೂಢಿ ಕೆಡಿಸಬಾರದು" ಎಂದು ತಿಂಗಳು ಪೂರ್ತಿ ಮರ ಬಿಟ್ಟು, ಹುಡುಗಿ ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದಳು. ಅಷ್ಟು ಮರ್ಯಾದೆ ಯಾವ ಮರಕ್ಕೂ ಬೇಡ.

ಇಷ್ಟವಾಗಿದ್ದರೆ ಮುಂದಿನ ಕೆಲಸ ಪೈಪಿನದು. ಇಲ್ಲಿ ನಿಮ್ಮವರ ಗರಗಸಕ್ಕಿಂತ ಅವರ ಕಣ್ಣು ಉಪಯೋಗಕ್ಕೆ ಬರುತ್ತದೆ. ಮಳೆನೀರಿನ ಪೈಪುಗಳು ತೆಳು ತಗಡಿನವು. ಅವನ್ನು ಗೋಡೆಗೆ ಹಿಡಿದಿರುವ ಕ್ಲಾಂಪುಗಳು ನೀರಿನ ಭಾರಕ್ಕಷ್ಟೇ. ಎಲೆ ತುಂಬಿದ ಮರ ಗಾಳಿಗೆ ಸಿಕ್ಕಿದರೆ ಪೈಪನ್ನೇ ಎಳೆಯುತ್ತದೆ. ಕ್ಲಾಂಪಿನ ಸುತ್ತ ಗೋಡೆಯ ಗಾರೆಯಲ್ಲಿ ಬಿರುಕು, ಪೈಪಿನ ಜೋಡಣೆಯಲ್ಲಿ ಸಂದು, ತಂತಿ ಒತ್ತಿದ ಕಡೆ ತಗಡು ಒಳಗೆ ಹೋಗಿರುವುದು, ಇವು ಕಂಡರೆ ಆ ಜಾಗ ಸರಿಯಿಲ್ಲ. ತೋಟದ ಬೇಲಿಯ ಗಟ್ಟಿ ಕಂಬವೋ, ನೆಲಕ್ಕೆ ಹೊಡೆದ ಗೂಟವೋ ನೋಡಿ ಅಲ್ಲಿಗೆ ಬದಲಿಸಿ. ಕನಿಷ್ಠ ಎರಡು ಎತ್ತರದಲ್ಲಿ ಕಟ್ಟಬೇಕು, ಕೆಳಗೊಂದು ಮೇಲೊಂದು. ಒಂದೇ ಕಡೆ ಕಟ್ಟಿದರೆ ಮರ ತಿರುಗುತ್ತದೆ. ತಂತಿಗಿಂತ ಅಗಲ ಪಟ್ಟಿ ಒಳ್ಳೆಯದು. ರಸ್ತೆಯ ದೀಪದ ಕಂಬಕ್ಕೆ, ಸಂಚಾರ ಫಲಕಕ್ಕೆ ಮಾತ್ರ ಕಟ್ಟಬೇಡಿ. ನಗರಸಭೆಯವರು ಬಿಚ್ಚಿಸುತ್ತಾರೆ. ಬಿದ್ದು ಯಾರಿಗಾದರೂ ಪೆಟ್ಟಾದರೆ ಹೊಣೆಯ ಪ್ರಶ್ನೆ ಬರುತ್ತದೆ.

ಮರ ಬದಲಿಸಿದರೆ ಅವಮಾನವಾಗುವುದಿಲ್ಲ. ಬೀದಿಯಿಂದ ಕಾಣುವ ಹಾಗಿದ್ದರೆ ಸಾಕು.

ನೀವು ಬಾಡಿಗೆಯವರು. ಮನೆ ಮಾಲೀಕರಿಗೆ ಒಂದು ಮಾತು ಹೇಳಿಬಿಡಿ. ಈ ಕಡೆಯವರಾದರೆ ನಕ್ಕು ಸುಮ್ಮನಾಗುತ್ತಾರೆ, ಬಹುಶಃ ಅವರೇ ಹಿಂದೆ ಯಾರಿಗೋ ನಿಲ್ಲಿಸಿರುತ್ತಾರೆ. ಆದರೆ ಅವರಿಗೆ ಗೊತ್ತಿಲ್ಲದೆ ಗೋಡೆ ಹಾಳಾದರೆ ಮಾತು ನಿಮ್ಮ ಡಿಪಾಸಿಟ್ಟಿನ ಹತ್ತಿರ ಬರುತ್ತದೆ. ಅದರಲ್ಲೂ ಕ್ರೇಪ್ ಕಾಗದ. ಮಳೆ ಬಿದ್ದರೆ ಕೆಂಪು ಬಣ್ಣ ಬಿಡುತ್ತದೆ. ನಿಮ್ಮದು ಬಿಳಿ ಗೋಡೆಯಾದರೆ, ಗೋಡೆಗೆ ತಾಗುವ ಪಟ್ಟಿಗಳನ್ನಷ್ಟೇ ಈಗಲೇ ಕತ್ತರಿಸಿಬಿಡಿ. ಉಳಿದವು ಗಾಳಿಗೆ ಆಡಿಕೊಂಡಿರಲಿ. ಒಗೆದ ಬಟ್ಟೆಯನ್ನೂ ಅದರ ಹತ್ತಿರ ಒಣಹಾಕಬೇಡಿ. ಮನೆಯಲ್ಲಿ ಯಾರಿಗಾದರೂ ಬರ್ಚ್ ಪರಾಗದ ಅಲರ್ಜಿ ಇದ್ದರೆ ಕಿಟಕಿಯ ಪಕ್ಕದಿಂದ ದೂರ ಸರಿಸಿ.

ಎರಡು ಮೂರು ವಾರದಲ್ಲಿ ಎಲೆ ಒಣಗುತ್ತದೆ, ಕಾಗದ ಬಣ್ಣಗೆಡುತ್ತದೆ. ನಿಮ್ಮ ಅತ್ತೆ ಬರುವ ಹೊತ್ತಿಗೆ ಅದು ಒಣ ಕೊಂಬೆಯ ಹಾಗೆ ಕಾಣುತ್ತಿರುತ್ತದೆ. "ಒಣಗಿದ ಮರ ಮನೆ ಮುಂದೆ ಯಾಕೆ" ಎಂದು ಅವರು ಕೇಳುವುದು ಖಂಡಿತ. ಸುಳ್ಳು ಹೇಳಿ ಸಿಕ್ಕಿಬೀಳಬೇಡಿ. ಹೃದಯದ ಮೇಲೆ ಮೊಮ್ಮಗಳ ಹೆಸರಿದೆ, ಓದದೆ ಇರುತ್ತಾರಾ? "ಇಲ್ಲಿಯ ಮೇ ಹಬ್ಬದ ರೂಢಿ, ಹುಡುಗಿಯರಿರುವ ಮನೆ ಮುಂದೆ ಹುಡುಗರು ಮರ ಕಟ್ಟುತ್ತಾರೆ, ತಿಂಗಳಾದ ಮೇಲೆ ತೆಗೆದುಕೊಂಡು ಹೋಗುತ್ತಾರೆ" ಎಂದು ಹೇಳಿ. ಇದು ಅಕ್ಷರಶಃ ನಿಜ. ಅದಕ್ಕಿಂತ ಜಾಸ್ತಿ ಹೇಳುವುದು ಬಿಡುವುದು ಮಗಳಿಗೆ ಬಿಟ್ಟದ್ದು. ಬೀದಿಯಲ್ಲಿ ಒಂದು ಸುತ್ತು ನಡೆಸಿಕೊಂಡು ಬಂದರೆ ಇನ್ನೂ ಒಳ್ಳೆಯದು. ಬೇರೆ ಮನೆಗಳ ಮುಂದೆಯೂ ಮರ ಕಂಡರೆ ಅರ್ಧ ಚಿಂತೆ ಅಲ್ಲೇ ಹೋಗುತ್ತದೆ.

ಈಗ ಬಿಯರ್ ಕ್ರೇಟಿನ ವಿಷಯ. ಅಜ್ಜಿ ಹೇಳಿದ್ದು ಸರಿ. ಮೇ ಕೊನೆಗೆ, ಹೆಚ್ಚಾಗಿ 31ರಂದು ಅಥವಾ ಜೂನ್ 1ರಂದು, ಕಟ್ಟಿದವನೇ ಬಂದು ಮರ ಬಿಚ್ಚಬೇಕು. ಆಗ ಅಪ್ಪ ಒಂದು ಕ್ರೇಟ್ ಬಿಯರ್, ಅಮ್ಮ ಒಂದು ಕೇಕ್, ಹುಡುಗಿ ಒಂದು ಮುತ್ತು ಕೊಡುವುದು ರೂಢಿ. ಮೂರನೆಯದು ನಿಮ್ಮ ಕೈಯಲ್ಲಿಲ್ಲ, ಅದನ್ನು ಬಿಡಿ. ಬಿಯರ್ ನಿಜವಾಗಿ ಹುಡುಗನಿಗೆ ಮಾತ್ರ ಅಲ್ಲ, ಮರ ಹೊತ್ತ ಗೆಳೆಯರಿಗೆಲ್ಲ ಕೂಲಿ. ಹಾಗಾಗಿ ಬಿಯರೇ ಆಗಬೇಕೆಂದಿಲ್ಲ. ಒಂದು ಕ್ರೇಟ್ ಸೇಬಿನ ರಸವೋ, ಮಾಲ್ಟ್ ಪಾನೀಯವೋ ಕೊಟ್ಟರೆ ಯಾರೂ ಮುಖ ಸಿಂಡರಿಸುವುದಿಲ್ಲ. ಕಲೋನ್ ಹತ್ತಿರ ನನಗೆ ಗೊತ್ತಿರುವ ಧಾರವಾಡದ ಕುಟುಂಬವೊಂದು ಹುಡುಗರನ್ನೆಲ್ಲ ಒಳಗೆ ಕೂರಿಸಿ ಮಸಾಲೆ ದೋಸೆ ಹಾಕಿತು. ಮುಂದಿನ ವರ್ಷ ಆ ಮನೆಗೆ ಮರ ಹೊರಲು ಎಂದೂ ಇಲ್ಲದಷ್ಟು ಗೆಳೆಯರು ಸೇರಿದರಂತೆ. ಅವರಿಗೆ ಪ್ರೇಮದ ವಿಷಯದಲ್ಲಿ ಯಾವ ಆಸಕ್ತಿಯೂ ಇರಲಿಲ್ಲ, ದೋಸೆಯದೇ.

ಆದರೆ ಆ ದಿನ ಏನು ಮಾಡಬಾರದು ಎನ್ನುವುದನ್ನೂ ಹೇಳಬೇಕು. ಅಂದು ಹುಡುಗ ನಿಮ್ಮ ಕಣ್ಣಿಗೆ ಬೀಳುತ್ತಾನೆ, ಬಹುಶಃ ಮೊದಲ ಸಲ. ನಮ್ಮವರಿಗೆ ಇದು ಒಳ್ಳೆ ಸಮಯ ಎನಿಸುತ್ತದೆ. ಅಪ್ಪ ಏನು ಮಾಡುತ್ತಾರೆ, ಎಷ್ಟು ಓದಿದ್ದೀಯ, ಮುಂದೇನು ಎಂದು ಪ್ರಶ್ನೆ ಶುರುವಾಗುತ್ತದೆ. ಅವನು ಮರ ಬಿಚ್ಚಲು ಬಂದವನು, ಗಂಡು ಪರೀಕ್ಷೆಗೆ ಬಂದವನಲ್ಲ. ಅಷ್ಟು ಪ್ರಶ್ನೆ ಬಂದರೆ, ಇಲ್ಲದ ಗಂಭೀರತೆಯನ್ನು ನೀವೇ ಹುಟ್ಟುಹಾಕಿದ ಹಾಗಾಗುತ್ತದೆ. ಮಗಳು ಮುಂದಿನ ಸಲ ಯಾರನ್ನೂ ಮನೆಗೆ ಕರೆತರುವುದಿಲ್ಲ. ಹೆಸರು ಕೇಳಿ, ಏಣಿ ಹಿಡಿದುಕೊಳ್ಳಿ, ಕುಡಿಯಲು ಕೊಡಿ. ಅವರಿಬ್ಬರ ವಿಷಯ ಮುಂದೆ ಗಟ್ಟಿಯಾದರೆ ನಿಮಗೆ ತಿಳಿಯಲು ಬೇರೆ ದಾರಿಗಳಿವೆ. ಭಾನುವಾರದ ಕಾಫಿಗೆ ಬರುತ್ತಾನೆ, ಕ್ರಿಸ್‌ಮಸ್‌ಗೆ ಅವನ ಮನೆಯವರು ಇವಳನ್ನು ಕರೆಯುತ್ತಾರೆ. ಇಲ್ಲಿಯ ಮನೆಗಳಲ್ಲಿ ಕ್ರಿಸ್‌ಮಸ್ ರಾತ್ರಿಯ ಊಟಕ್ಕೆ ಕರೆದರೆ ಅದಕ್ಕೆ ಮರಕ್ಕಿಂತ ತೂಕ ಜಾಸ್ತಿ. ಆವಾಗ ಬೇಕಾದರೆ ನನಗೆ ಇನ್ನೊಂದು ಪತ್ರ ಬರೆಯಿರಿ.

ಯಾರೂ ಬಾರದೆ ಹೋದರೆ? ಅದೂ ಆಗುತ್ತದೆ. ತಿಂಗಳೊಳಗೆ ಜಗಳವಾಗಿರಬಹುದು, ನಾಚಿಕೆಯಿರಬಹುದು, ಪರೀಕ್ಷೆ ಇರಬಹುದು, ಮರೆತಿರಬಹುದು. ಮಗಳಿಗೆ ನೋವಾಗಿದ್ದರೆ "ನೋಡು, ಹೇಳಿರಲಿಲ್ಲವಾ" ಎನ್ನಬೇಡಿ. ಜೂನ್ ಮೊದಲ ವಾರದವರೆಗೆ ಕಾದು, ಆಮೇಲೆ ನೀವೇ ಇಳಿಸಿ. ಅವಾಗ ನಿಮ್ಮವರ ಗರಗಸ ಕೆಲಸಕ್ಕೆ ಬರುತ್ತದೆ. ಹೃದಯವನ್ನು ಮಾತ್ರ ಕೇಳದೆ ಎಸೆಯಬೇಡಿ, ಬಹಳ ಹುಡುಗಿಯರು ಇಟ್ಟುಕೊಳ್ಳುತ್ತಾರೆ. ಕಾಗದವನ್ನೂ ತಂತಿಯನ್ನೂ ಪೂರ್ತಿ ಬಿಡಿಸಿ ಬೇರೆ ಕಸಕ್ಕೆ ಹಾಕಿ. ಕೊಂಬೆಗಳನ್ನು ಚಿಕ್ಕದಾಗಿ ಕತ್ತರಿಸಿ ಹಸಿರು ಕಸ ಒಯ್ಯುವ ದಿನ ಹೊರಗಿಡಿ. ಬಣ್ಣದ ಕಾಗದ ಸುತ್ತಿಕೊಂಡಿದ್ದರೆ ಅವರು ಒಯ್ಯದೆ ಬಿಟ್ಟುಹೋಗಬಹುದು.